ದುಡ್ಡು ಕಟ್ಟಾಯ್ತು, ಪೇಮೆಂಟ್ ಫೇಲ್: ವಾಪಸ್ ಬರುವುದು ಯಾವಾಗ?
(ಸದಸ್ಯರ ಸಭೆಯಲ್ಲಿ ಮಾಡಿದ ಮಾತಿನ ಬರಹ ರೂಪ)



ಬ್ಯಾಂಕಿನ ವಿಷಯದಲ್ಲಿ ನಮ್ಮವರು ನನ್ನ ಹತ್ತಿರ ಹೆಚ್ಚು ಕೇಳುವ ಪ್ರಶ್ನೆ ಸಾಲದ್ದೂ ಅಲ್ಲ, ಡೆಪಾಸಿಟ್‌ನದ್ದೂ ಅಲ್ಲ. "ಖಾತೆಯಿಂದ ದುಡ್ಡು ಹೋಗಿದೆ, ಮೊಬೈಲಲ್ಲಿ ಫೇಲ್ ಅಂತ ತೋರಿಸ್ತಾ ಉಂಟು, ಇನ್ನು ಎಂತ ಮಾಡುವುದು?" ಇದೇ ಪ್ರಶ್ನೆ. ಇವತ್ತು ಇದೊಂದನ್ನೇ ಮಾತಾಡುವ. ಅದರಲ್ಲೂ ಊರಿನ ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಊರಿಗೇ ಕಟ್ಟುವ ದುಡ್ಡಿನ ಬಗ್ಗೆ. 2023ರ ಜನವರಿಯಲ್ಲಿ ಎನ್‌ಪಿಸಿಐ ಅನುಮತಿ ಕೊಟ್ಟ ಮೇಲೆ ಯುಎಇ, ಸೌದಿ, ಕತಾರ್, ಒಮಾನ್ ಸಿಮ್ ಇದ್ದವರೂ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಬಹುದು ಅಂತಾಯ್ತು. ಹಾಗಾಗಿ ಮಕ್ಕಳ ಫೀಸು, ಕರೆಂಟ್ ಬಿಲ್ಲು, ಉಮ್ಮನ ಮದ್ದಿನ ದುಡ್ಡು ಎಲ್ಲ ನಾವು ಇಲ್ಲಿಂದಲೇ ಕಟ್ಟುವುದು.

ಮೊದಲು ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತಿಳಿಯಬೇಕು. ನೀವು ಪಿನ್ ಒತ್ತಿದ ಕೂಡಲೇ ಸಂದೇಶ ಎನ್‌ಪಿಸಿಐಗೆ ಹೋಗಿ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಬರುತ್ತದೆ. ನಿಮ್ಮ ಬ್ಯಾಂಕ್ ಖಾತೆಯಿಂದ ಮೊತ್ತ ಕಳೆದು "ಆಯ್ತು" ಅನ್ನುತ್ತದೆ. ಆಮೇಲೆ ದುಡ್ಡು ಪಡೆಯುವವರ ಬ್ಯಾಂಕಿಗೆ "ಜಮಾ ಮಾಡಿ" ಅಂತ ಸಂದೇಶ ಹೋಗುತ್ತದೆ. ಆ ಬ್ಯಾಂಕ್ "ಆಗುವುದಿಲ್ಲ" ಅಂತ ಸ್ಪಷ್ಟವಾಗಿ ಹೇಳಿದರೆ ತೊಂದರೆ ಇಲ್ಲ, ಸಾಮಾನ್ಯವಾಗಿ ನಿಮಿಷಗಳಲ್ಲೇ ದುಡ್ಡು ಹಿಂದೆ ಬರುತ್ತದೆ. ತೊಂದರೆ ಆಗುವುದು ಆ ಬ್ಯಾಂಕ್ ಉತ್ತರವನ್ನೇ ಕೊಡದಿದ್ದಾಗ. ಜಮಾ ಆಗಿದೆಯೋ ಇಲ್ಲವೋ ಅಂತ ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಆಗ ಮೊಬೈಲ್ ಪೆಂಡಿಂಗ್ ಅಂತ ತೋರಿಸುತ್ತದೆ. ಪೆಂಡಿಂಗ್ ಅಂದರೆ ಫೇಲ್ ಅಲ್ಲ ಮಾರಾಯ್ರೇ. ಅದು ಎರಡು ಗಂಟೆ ಬಿಟ್ಟು ಸಕ್ಸಸ್ ಆಗಲೂಬಹುದು. ಗಡಿಬಿಡಿಯಲ್ಲಿ ಮತ್ತೊಮ್ಮೆ ಕಳಿಸಿದವರದ್ದು ಎರಡು ಸಲ ಹೋಗಿ ಕೂತಿರುತ್ತದೆ.

ಇನ್ನೊಂದು ಜಾಗ ಉಂಟು. ಕಾಲೇಜು, ಅಂಗಡಿ, ಟಿಕೆಟ್ ಸೈಟುಗಳು ದುಡ್ಡನ್ನು ನೇರ ತೆಗೆದುಕೊಳ್ಳುವುದು ಕಡಿಮೆ, ನಡುವೆ ಪೇಮೆಂಟ್ ಗೇಟ್‌ವೇ ಅಂತ ಒಂದು ಕಂಪನಿ ಇರುತ್ತದೆ. ದುಡ್ಡು ಅಲ್ಲಿವರೆಗೆ ತಲುಪಿ, ತಲುಪಿದ ಸುದ್ದಿ ಮಾತ್ರ ಕಾಲೇಜಿಗೆ ಹೋಗದೇ ಇರಬಹುದು.

ಯಾವಾಗ ವಾಪಸ್ ಬರಬೇಕು ಅನ್ನುವುದಕ್ಕೆ ನಿಯಮ ಉಂಟು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಸುತ್ತೋಲೆ ಹೊರಡಿಸಿದೆ. ಒಬ್ಬರಿಂದ ಇನ್ನೊಬ್ಬರಿಗೆ ಯುಪಿಐಯಲ್ಲಿ ಕಳಿಸಿದ್ದು ಅವರ ಖಾತೆಗೆ ಜಮಾ ಆಗದಿದ್ದರೆ ಮಾರನೇ ದಿನದೊಳಗೆ ವಾಪಸ್ ಆಗಬೇಕು. ಅಂಗಡಿಗೋ ಕಾಲೇಜಿಗೋ ಕಟ್ಟಿದ್ದಾದರೆ ಐದು ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ದೂರು ಕೊಡುವುದಕ್ಕೆ ಕಾಯದೆ ಬ್ಯಾಂಕೇ ಹಾಕಬೇಕು. ಇಲ್ಲಿ ದಿನ ಅಂದರೆ ಕ್ಯಾಲೆಂಡರ್ ದಿನ. ಭಾನುವಾರ, ರಜೆ ಅಂತ ಬಿಡುವುದಕ್ಕಿಲ್ಲ.

ಶಾರ್ಜಾದಲ್ಲಿರುವ ನಮ್ಮ ಒಬ್ಬ ಸದಸ್ಯರ ವಿಷಯ ಹೇಳುತ್ತೇನೆ. ಮಗಳ ಕಾಲೇಜು ಫೀಸು 12,000 ರೂಪಾಯಿ, ಕಟ್ಟಲು ಕೊನೆಯ ದಿನ ಬುಧವಾರ. ಸೋಮವಾರ ಡ್ಯೂಟಿ ಮುಗಿಸಿ ಬಂದು ರಾತ್ರಿ ಮುಕ್ಕಾಲು ಹನ್ನೊಂದಕ್ಕೆ ಕಟ್ಟಿದರು. ಖಾತೆಯಿಂದ ಹೋಯಿತು, ಕಾಲೇಜಿನ ಪೇಜಿನಲ್ಲಿ ಫೇಲ್ ಅಂತ ಬಂತು. ಅವರು ಮಾಡಿದ ಒಳ್ಳೆ ಕೆಲಸ ಅಂದರೆ ಆ ರಾತ್ರಿ ಮತ್ತೆ ಒತ್ತಲಿಲ್ಲ. ಮಾರನೇ ಬೆಳಿಗ್ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದರು, 12,000 ಡೆಬಿಟ್ ಹಾಗೇ ಇತ್ತು, ವಾಪಸ್ ಬಂದ ಎಂಟ್ರಿ ಇರಲಿಲ್ಲ. ಯುಪಿಐ ಪೇಮೆಂಟಿಗೆ 12 ಅಂಕಿಯ ಒಂದು ನಂಬ್ರ ಇರುತ್ತದೆ, ಮೊಬೈಲಲ್ಲೂ ಸ್ಟೇಟ್‌ಮೆಂಟಲ್ಲೂ ಅದೇ ಸಿಗುತ್ತದೆ. ಆ ನಂಬ್ರ ಹಿಡಿದು ಮಗಳು ಕಾಲೇಜಿನ ಅಕೌಂಟ್ಸ್ ಸೆಕ್ಷನಿನಲ್ಲಿ ಕೇಳಿದಳು. ಅವರು ತಮಗೆ ಬಂದ ಲಿಸ್ಟಿನಲ್ಲಿ ಇಲ್ಲ ಅಂದರು. ಅಲ್ಲಿಗೆ ಒಂದು ಸಂಗತಿ ಖಚಿತವಾಯಿತು, ಇದು ಕಾಲೇಜಿಗೆ ಮುಟ್ಟಿಲ್ಲ. ಆಮೇಲೆಯೇ ಎರಡನೇ ಸಲ ಕಟ್ಟಿದ್ದು.

ಈಗ ಲೆಕ್ಕ ನೋಡಿ. ನಾವು ಸೋಮವಾರ ಕಟ್ಟಿದ್ದು ಅಂತ ಅವರು ಹೇಳುತ್ತಿದ್ದರು. ಆದರೆ ಶಾರ್ಜಾದ 10.45 ಅಂದರೆ ಊರಿನಲ್ಲಿ 12.15, ತಾರೀಕು ಮಂಗಳವಾರದ್ದು. ಸ್ಟೇಟ್‌ಮೆಂಟಿನಲ್ಲೂ ಮಂಗಳವಾರವೇ ಇತ್ತು. ಗಲ್ಫಿನಲ್ಲಿ ಕೂತು ರಾತ್ರಿ ಕಟ್ಟುವ ನಮಗೆ ಈ ಒಂದು ದಿನದ ವ್ಯತ್ಯಾಸ ಆಗಾಗ ಬರುತ್ತದೆ. ಮಂಗಳವಾರದಿಂದ ಐದು ದಿನ ಅಂದರೆ ಭಾನುವಾರದವರೆಗೆ ಅವಧಿ. ಅವರ ದುಡ್ಡು ಬಂದದ್ದು ಮುಂದಿನ ಬುಧವಾರ. ಸೋಮ, ಮಂಗಳ, ಬುಧ ಮೂರು ದಿನ ತಡ, 300 ರೂಪಾಯಿ ಬರಬೇಕಿತ್ತು. 12,000 ಮಾತ್ರ ಬಂತು. ಆ 12 ಅಂಕಿಯ ನಂಬ್ರ, ಡೆಬಿಟ್ ಆದ ತಾರೀಕು, ವಾಪಸ್ ಬಂದ ತಾರೀಕು, ಸುತ್ತೋಲೆಯ ತಾರೀಕು, ಇಷ್ಟನ್ನು ಬರೆದು ಬ್ಯಾಂಕಿಗೆ ಇಮೇಲ್ ಮಾಡಿದರು. ಆಮೇಲೆ 300 ಕೂಡ ಬಂತು. ಮುನ್ನೂರು ದೊಡ್ಡ ಮೊತ್ತ ಅಲ್ಲ ನಿಜ, ಆದರೆ ಉಮ್ಮನ ಆಪರೇಷನ್‌ಗೆ ಕಟ್ಟಿದ ದುಡ್ಡು ಇಪ್ಪತ್ತು ದಿನ ಸಿಕ್ಕಿಕೊಂಡರೂ ನಿಯಮ ಇದೇ.

ಅವಧಿ ದಾಟಿದರೆ ದೂರು ಮೊದಲು ಯುಪಿಐ ಆ್ಯಪಿನ ಒಳಗೇ, ಆ ಪೇಮೆಂಟನ್ನು ತೆರೆದು ಹಾಕಿ. ಅದರಲ್ಲಿ ಆಗದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ದೂರಿನ ನಂಬ್ರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಯಿಲ್ಲ ಅನಿಸಿದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಎಂಬಲ್ಲಿ ಇಲ್ಲಿಂದಲೇ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದುಡ್ಡು ಸಿಕ್ಕಿಕೊಂಡ ಕೂಡಲೇ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬ್ರ ಹುಡುಕಬೇಡಿ. ಅಲ್ಲಿ ಸಿಗುವ ಎಷ್ಟೋ ನಂಬ್ರ ಕಳ್ಳರದ್ದು. "ರೀಫಂಡ್ ಕಳಿಸಿದ್ದೇನೆ, ಪಿನ್ ಒತ್ತಿ ತೆಗೆದುಕೊಳ್ಳಿ" ಅಂತ ಹೇಳುತ್ತಾರೆ. ನೀವು ಪಿನ್ ಒತ್ತಿದರೆ ನಿಮ್ಮ ದುಡ್ಡು ಹೋಗುತ್ತದೆ, ಬರುವುದಿಲ್ಲ. ವಾಪಸ್ ಬರುವ ದುಡ್ಡಿಗೆ ಪಿನ್ನೂ ಬೇಡ, ಒಟಿಪಿಯೂ ಬೇಡ, ಅದು ತಾನಾಗಿ ಖಾತೆಗೆ ಬಂದು ಬೀಳುವಂಥದ್ದು. ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿ ಅಂದರೆ ಫೋನ್ ಇಟ್ಟುಬಿಡಿ. ಬ್ಯಾಂಕಿನ ನಂಬ್ರ ನಿಮ್ಮ ಕಾರ್ಡಿನ ಹಿಂದೆಯೇ ಉಂಟು.

ಈ ನಿಯಮ ಎಲ್ಲದಕ್ಕೂ ಅಲ್ಲ. ಕಳಿಸುವ ಖಾತೆ, ಪಡೆಯುವ ಖಾತೆ ಎರಡೂ ಭಾರತದಲ್ಲಿರಬೇಕು. ಇಲ್ಲಿನ ಎಕ್ಸ್‌ಚೇಂಜಿನಿಂದ ಕಳಿಸಿ ಊರಿನ ಖಾತೆಗೆ ಮುಟ್ಟದ ದುಡ್ಡಿಗೆ ಆ 100 ರೂಪಾಯಿಯ ಲೆಕ್ಕ ಇಲ್ಲ, ರಸೀದಿ ಹಿಡಿದು ಎಕ್ಸ್‌ಚೇಂಜಿಗೇ ಹೋಗಬೇಕು. ದುಬೈ ಬ್ಯಾಂಕಿನ ಕಾರ್ಡಿನಿಂದ ಊರಿನ ಸೈಟಿನಲ್ಲಿ ಕಟ್ಟಿದ್ದೂ ಹಾಗೆಯೇ, ಅದನ್ನು ಇಲ್ಲಿನ ಬ್ಯಾಂಕಿನಲ್ಲಿ ಕೇಳಬೇಕು. ಮತ್ತೆ, ನಂಬ್ರ ತಪ್ಪಿ ಬೇರೆಯವರಿಗೆ ಕಳಿಸಿದ್ದು ಫೇಲ್ ಆದ ಪೇಮೆಂಟ್ ಅಲ್ಲವೇ ಅಲ್ಲ. ಅದು ಸರಿಯಾಗಿ ಹೋಗಿ ಮುಟ್ಟಿದೆ, ಮುಟ್ಟಿದ ಮನುಷ್ಯ ಬೇರೆ ಅಷ್ಟೆ. ಅದರ ದಾರಿ ಬೇರೆ, ಇನ್ನೊಂದು ದಿನ ಹೇಳುವ.

ಈಗ ಯಾರದ್ದಾದರೂ ದುಡ್ಡು ಹೀಗೆ ಸಿಕ್ಕಿಕೊಂಡಿದ್ದರೆ ಸ್ಟೇಟ್‌ಮೆಂಟ್ ತೆರೆದಿಟ್ಟುಕೊಳ್ಳಿ. ಚಹಾ ಕುಡಿಯುವ ಹೊತ್ತಿಗೆ ಒಬ್ಬೊಬ್ಬರದ್ದೇ ನೋಡುವ.