ಕಾಲು ಕೆಂಪಗಿದ್ದರೆ ಸಾಲದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. 34 ಹಕ್ಕಿಗಳನ್ನು ಒಂದೇ ಏಟಿಗೆ ತಪ್ಪಾಗಿ ಗುರುತಿಸಿದ ಕಥೆ.

ಪ್ರತಿ ವರ್ಷ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತೆ. ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅಂತ ಅದರ ಹೆಸರು. 1987ರಲ್ಲಿ ಶುರುವಾದದ್ದು. ನಮ್ಮಂಥ ಹವ್ಯಾಸಿಗಳೇ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಕೆರೆಗಳಿಗೆ ಹೋಗಿ, ಎಣಿಸಿ, ಫಾರ್ಮ್ ತುಂಬಿಸಿ ಕಳಿಸ್ತೀವಿ. ಆ ವರ್ಷ ನನಗೆ ಸಿಕ್ಕಿದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡೋಕೆ ಜನ ಬರುವ ಕೆರೆ ಅದು. ಎಲ್ಲರ ಕಣ್ಣೂ ಆ ಹೆಬ್ಬಾತುಗಳ ಮೇಲೆ. ನನ್ನ ಕಣ್ಣು ಮಾತ್ರ ದಡದ ಕೆಸರಿನ ಮೇಲೆ ಬಿತ್ತು.

ನೀರು ಹಿಂದೆ ಸರಿದ ಜಾಗದಲ್ಲಿ ಒಂದು ಗುಂಪು ಮೇಯ್ತಾ ಇತ್ತು. ಮೈ ಕಂದು, ಹೊಟ್ಟೆ ಬಿಳಿ, ಕಾಲು ಕಿತ್ತಳೆ ಕೆಂಪು. ಪುಸ್ತಕದಲ್ಲಿ ಕೆಂಪು ಕಾಲಿನ ಗೊರವ ಅಂದ್ರೆ ರೆಡ್‌ಶ್ಯಾಂಕ್. ಹೆಸರಲ್ಲೇ ಕೆಂಪು ಕಾಲಿದೆ. ಎಣಿಸಿದೆ, 34. 'ರೆಡ್‌ಶ್ಯಾಂಕ್ 34' ಅಂತ ಬರೆದು ಖುಷಿಯಾಗಿ ಮನೆಗೆ ಬಂದೆ.

ಸಂಜೆ ನಮ್ಮ ಗುಂಪಿನ ಹಿರಿಯರು ಫೋನ್ ಮಾಡಿದರು. ನಿವೃತ್ತ ವಿಜ್ಞಾನ ಮೇಷ್ಟ್ರು, ಎಷ್ಟೋ ವರ್ಷಗಳಿಂದ ಕೆರೆ ಸುತ್ತುತ್ತಿರುವವರು. 'ಏನಪ್ಪಾ, ಮೂವತ್ನಾಲ್ಕು ರೆಡ್‌ಶ್ಯಾಂಕಾ? ಸಮುದ್ರದ ಕಡೆ, ಅಳಿವೆ ಕಡೆ ಅಷ್ಟು ಸಿಕ್ಕಿದ್ರೆ ಒಪ್ಕೋಬಹುದು. ಒಳನಾಡಿನ ಕೆರೆಯಲ್ಲಿ?'

'ಕಾಲು ಚೆನ್ನಾಗಿ ಕೆಂಪಗಿತ್ತು ಸಾರ್.'

'ಕಾಲು ಬಿಡು. ಕೊಕ್ಕು ತಲೆಗಿಂತ ಉದ್ದ ಇತ್ತಾ? ಎಲ್ಲಾ ಒಂದೇ ಗಾತ್ರ ಇತ್ತಾ? ಹೇಗೆ ಮೇಯ್ತಿತ್ತು?'

ಮೂರು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲಿನ ಬಣ್ಣ ಕಂಡ ಕೂಡಲೇ ನಾನು ನೋಡೋದನ್ನೇ ನಿಲ್ಲಿಸಿಬಿಟ್ಟಿದ್ದೆ. 'ಬೆಳಿಗ್ಗೆ ಹೋಗೋಣ ಬಾ' ಅಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಏರಿ ಮೇಲೆ ನಿಂತಿದ್ವಿ. ಗುಂಪು ಅಲ್ಲೇ ಇತ್ತು. ನಾನು ಬೈನಾಕ್ಯುಲರ್ ಎತ್ತಿದ ತಕ್ಷಣ ಮೇಷ್ಟ್ರು ತಡೆದರು. 'ಈಗ ನೋಡಬೇಡ. ಸೂರ್ಯ ಎದುರಿಗಿದ್ದಾನೆ' ಅಂದರು. ಬೆಳಕಿಗೆ ಎದುರಾಗಿ ನೋಡಿದರೆ ಎಲ್ಲ ಹಕ್ಕಿಯ ಕಾಲೂ ಕಪ್ಪು. ಬೆನ್ನ ಹಿಂದೆ ಎಳೆಬಿಸಿಲು ಬಿದ್ದರೆ ಹಳದಿ ಕಾಲು ಕೂಡ ಕಿತ್ತಳೆ ಆಗಿ ಕಾಣುತ್ತೆ. ಇನ್ನು ಕೆಸರು. ಕೆರೆಯ ಜೇಡಿ ಮಣ್ಣು ಕಾಲಿಗೆ ಮೆತ್ತಿಕೊಂಡು ಒಣಗಿದರೆ, ಒಳಗಿನ ಬಣ್ಣ ಯಾವುದು ಅನ್ನೋದೇ ಗೊತ್ತಾಗಲ್ಲ. ಅದಕ್ಕೇ ಬಿಸಿಲು ಸ್ವಲ್ಪ ಮೇಲೆ ಬರೋವರೆಗೆ ಕಾದು, ಹಕ್ಕಿ ನೀರಿಗಿಳಿದು ಕಾಲು ತೊಳೆದುಕೊಂಡು ಮೇಲೆ ಬಂದಾಗ ನೋಡಬೇಕು. ಪಾದಕ್ಕಿಂತ ಮೇಲಿನ ಭಾಗ ನೋಡಬೇಕು, ಅಲ್ಲಿ ಕೆಸರು ಕಡಿಮೆ.

ಕಾದು ನೋಡಿದೆವು. ಕೆಲವಕ್ಕೆ ಕಾಲು ನಿಜವಾಗಿಯೂ ಕಿತ್ತಳೆ. ಆದರೆ ಅದೇ ಗುಂಪಿನಲ್ಲಿ ಮಂಕು ಹಳದಿ ಕಾಲಿನವೂ ಇದ್ದವು, ಹಸಿರು ಛಾಯೆಯವೂ ಇದ್ದವು. ನಿನ್ನೆ ನಾನು ಕಂಡಿದ್ದು ಮುಂದೆ ನಿಂತಿದ್ದ ನಾಲ್ಕೈದು ಹಕ್ಕಿಯ ಕಾಲು ಮಾತ್ರ. ಉಳಿದ ಮೂವತ್ತನ್ನು ಊಹೆ ಮಾಡಿದ್ದೆ.

ರೆಡ್‌ಶ್ಯಾಂಕ್‌ನಲ್ಲಿ ಇಂಥ ವ್ಯತ್ಯಾಸ ಇರಲ್ಲ. ಮರಿಗಳ ಕಾಲು ಸ್ವಲ್ಪ ಮಂಕಾದ ಕಿತ್ತಳೆ ಇರಬಹುದು, ಆದರೆ ಹಸಿರಾಗಿರಲ್ಲ. ಒಂದೇ ಜಾತಿಯಲ್ಲಿ ಹಸಿರು ಕಾಲಿಂದ ಕಿತ್ತಳೆ ಕಾಲಿನವರೆಗೆ ಬಣ್ಣ ಬದಲಾಗೋ ಹಕ್ಕಿ ಒಂದಿದೆ. ಅದು ರಫ್. ಎಳೆಯ ರಫ್‌ಗೆ ಹಸಿರು ಮಿಶ್ರಿತ ಹಳದಿ ಕಾಲು, ಬಲಿತದ್ದಕ್ಕೆ ಕಿತ್ತಳೆ. ಉತ್ತರ ಯುರೋಪ್, ಸೈಬೀರಿಯಾ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಬರುತ್ತೆ. ಅಲ್ಲಿ ಸಂತಾನದ ಕಾಲದಲ್ಲಿ ಗಂಡಿನ ಕುತ್ತಿಗೆ ಸುತ್ತ ದೊಡ್ಡ ಗರಿಗಳ ಹಾರ ಬೆಳೆಯುತ್ತೆ, ಹೆಸರು ಬಂದಿದ್ದೇ ಅದರಿಂದ. ನಮ್ಮ ಕೆರೆಗೆ ಬರೋ ಹೊತ್ತಿಗೆ ಆ ಹಾರ ಉದುರಿ, ಮಾಮೂಲಿ ಕಂದು ಹಕ್ಕಿಯಾಗಿರುತ್ತೆ. ಗುರುತಿಸೋಕೆ ಕಷ್ಟ ಆಗೋದು ಅದಕ್ಕೇ.

'ಸರಿ, ಈಗ ಕೊಕ್ಕು ಅಳಿ' ಅಂದರು ಮೇಷ್ಟ್ರು. ದೂರದಲ್ಲಿರೋ ಹಕ್ಕಿಯ ಕೊಕ್ಕನ್ನು ಅಳೆಯೋದು ಹೇಗೆ? ಅದರ ತಲೆಯೇ ಅಳತೆಗೋಲು. ಕೊಕ್ಕಿನ ಬುಡದಿಂದ ತಲೆಯ ಹಿಂಭಾಗದವರೆಗೆ ಎಷ್ಟು ಅಂತ ಕಣ್ಣಲ್ಲೇ ಹಿಡ್ಕೊಂಡು, ಅದನ್ನೇ ಮುಂದಕ್ಕೆ ಕೊಕ್ಕಿನ ಮೇಲೆ ಇಟ್ಟು ನೋಡಬೇಕು. ಒಂದೇ ಷರತ್ತು, ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು. ಸ್ವಲ್ಪ ನಮ್ಮ ಕಡೆ ತಿರುಗಿದ್ರೂ ಕೊಕ್ಕು ಗಿಡ್ಡ ಕಾಣುತ್ತೆ. ಹಾಗಾಗಿ ಒಂದೇ ಹಕ್ಕಿಯನ್ನು ಮೂರು ನಾಲ್ಕು ಸಲ ನೋಡಿದೆ. ಪ್ರತಿ ಸಲವೂ ಕೊಕ್ಕು ತಲೆಯಷ್ಟೇ ಇತ್ತು, ತುದಿ ಒಂಚೂರು ಕೆಳಕ್ಕೆ ಬಾಗಿತ್ತು. ರೆಡ್‌ಶ್ಯಾಂಕ್ ಆಗಿದ್ರೆ ಕೊಕ್ಕು ತಲೆಗಿಂತ ಉದ್ದ, ನೇರ, ಬುಡದ ಕಡೆ ಕೆಂಪು, ತುದಿ ಕಪ್ಪು ಇರಬೇಕಿತ್ತು. ಬುಡದ ಬಣ್ಣವೊಂದನ್ನೇ ನಂಬೋ ಹಾಗೂ ಇಲ್ಲ, ಕೆಲವು ಗಂಡು ರಫ್‌ಗಳಿಗೂ ಕೊಕ್ಕಿನ ಬುಡದಲ್ಲಿ ಕಿತ್ತಳೆ ಇರುತ್ತೆ. ಉದ್ದ ಮತ್ತು ಬಾಗು ಮಾತ್ರ ಸುಳ್ಳು ಹೇಳಲ್ಲ.

ಆಮೇಲೆ ಗಾತ್ರ. ಗುಂಪನ್ನು ಒಂದು ಕಡೆಯಿಂದ ನೋಡ್ತಾ ಹೋದರೆ ದೊಡ್ಡ ಹಕ್ಕಿ, ಚಿಕ್ಕ ಹಕ್ಕಿ ಎರಡೂ ಕಂಡವು. ಬೇರೆ ಬೇರೆ ಜಾತಿ ಇರಬೇಕು ಅಂದುಕೊಂಡೆ. ಅಲ್ಲ. ರಫ್‌ನಲ್ಲಿ ಗಂಡು ಸುಮಾರು 30 ಸೆಂಟಿಮೀಟರ್, ಹೆಣ್ಣು 25ರ ಆಸುಪಾಸು. ತೂಕದಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ಒಂದೇ ತರಹದ ಹಕ್ಕಿಗಳ ಗುಂಪಿನಲ್ಲಿ ಎರಡು ಸೈಜ್ ಕಂಡರೆ ರಫ್ ಅಂತ ಮೊದಲು ಅನುಮಾನ ಪಡಬೇಕು. ನಮ್ಮ ಕೆರೆಯ ಬೇರೆ ಗೊರವಗಳಲ್ಲಿ ಗಂಡು ಹೆಣ್ಣಿನ ನಡುವೆ ಕಣ್ಣಿಗೆ ಇಷ್ಟು ಹೊಡೆಯೋ ವ್ಯತ್ಯಾಸ ಸಿಗಲ್ಲ.

ಮೂರನೆಯದು ಮೇಯುವ ರೀತಿ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಯಾಕಂದ್ರೆ ಇದಕ್ಕೆ ಒಳ್ಳೆ ಬೆಳಕೂ ಬೇಡ, ದುಬಾರಿ ಲೆನ್ಸೂ ಬೇಡ. ಕೊಕ್ಕು ಗಿಡ್ಡ ಇರೋ ಹಕ್ಕಿ ಕಣ್ಣಿನಿಂದ ಬೇಟೆ ಆಡುತ್ತೆ. ಅಲ್ಲೇ ಇದ್ದ ಪ್ಲೋವರ್ ನೋಡಿ. ದೊಡ್ಡ ಕಣ್ಣು, ಮೊಂಡು ಕೊಕ್ಕು. ನಾಲ್ಕು ಹೆಜ್ಜೆ ಓಡುತ್ತೆ, ಗಕ್ಕನೆ ನಿಲ್ಲುತ್ತೆ, ಹುಳ ಕಂಡರೆ ಬಗ್ಗಿ ಹೆಕ್ಕುತ್ತೆ. ಕೊಕ್ಕು ಉದ್ದ ಇರೋ ಉಲ್ಲಂಕಿಗೆ ಕಣ್ಣಿನ ಕೆಲಸ ಕಡಿಮೆ. ಕೊಕ್ಕಿನ ತುದಿಯಲ್ಲೇ ಸ್ಪರ್ಶ ಗೊತ್ತಾಗುವ ನರಗಳಿವೆ. ಹೊಲಿಗೆ ಮಿಷನ್ ಸೂಜಿ ತರಹ ಒಂದೇ ಜಾಗದಲ್ಲಿ ಕೊಕ್ಕನ್ನು ಕೆಸರಿಗೆ ಚುಚ್ಚಿ ಚುಚ್ಚಿ, ಒಳಗಿನ ಹುಳವನ್ನು ತಡಕಿ ಹಿಡಿಯುತ್ತೆ.

ರಫ್ ಇವೆರಡರ ನಡುವಿನದ್ದು. ನಿಧಾನಕ್ಕೆ ನಡೀತಾ, ತಲೆ ತಗ್ಗಿಸಿ, ಮೇಲ್ಮೈಯಿಂದ ಹೆಕ್ಕುತ್ತಾ ಹೋಗುತ್ತೆ. ಆಗಾಗ ಕೊಕ್ಕನ್ನು ಸ್ವಲ್ಪ ಮಾತ್ರ ಕೆಸರಿಗೆ ಇಳಿಸುತ್ತೆ. ಬೆನ್ನು ಗೂನು, ಹೊಟ್ಟೆ ಡೊಳ್ಳು, ಆ ಮೈಗೆ ತಲೆ ತುಂಬಾ ಚಿಕ್ಕದು. ನೀರು ಬಿಟ್ಟು ಹುಲ್ಲಿಗೆ, ಕೊಯ್ದ ಗದ್ದೆಗೂ ಹತ್ತಿಬಿಡುತ್ತೆ. ಅವತ್ತು ಕೂಡ ಅರ್ಧ ಗುಂಪು ದಡದ ಹುಲ್ಲಿನಲ್ಲಿತ್ತು. ರೆಡ್‌ಶ್ಯಾಂಕ್‌ನ ನಡಿಗೆ ಬೇರೆ. ಚುರುಕು ಹೆಜ್ಜೆ, ನೀರಿನ ಅಂಚಿನಲ್ಲೇ ಓಡಾಟ, ನಮ್ಮ ಮೇಲೆ ಅನುಮಾನ ಬಂದರೆ ಮೈ ಕುಲುಕುತ್ತೆ.

ಇಷ್ಟು ಹೊತ್ತಿಗೆ ನನಗೆ ನನ್ನ ತಪ್ಪು ಪೂರ್ತಿ ಗೊತ್ತಾಗಿತ್ತು. 'ಎಲ್ಲಾ ರಫ್ಫೇ ಸಾರ್' ಅಂದೆ. ಮೇಷ್ಟ್ರು ನಕ್ಕರು. 'ನಿನ್ನೆ ಎಲ್ಲಾ ರೆಡ್‌ಶ್ಯಾಂಕ್ ಅಂದೆ, ಇವತ್ತು ಎಲ್ಲಾ ರಫ್ ಅಂತಿದ್ದೀಯ. ಒಂದೊಂದನ್ನೇ ನೋಡು.'

ಅಷ್ಟರಲ್ಲಿ ಎಮ್ಮೆ ಹೊಡ್ಕೊಂಡು ಹುಡುಗನೊಬ್ಬ ನೀರಿಗಿಳಿದ. ಗುಂಪು ಒಟ್ಟಿಗೇ ಎದ್ದಿತು. ಹೆಚ್ಚುಕಮ್ಮಿ ಎಲ್ಲವೂ ಸದ್ದಿಲ್ಲದೆ ಹಾರಿದವು. ರೆಕ್ಕೆಯಲ್ಲಿ ತೆಳುವಾದ ಬಿಳಿ ಗೆರೆ, ಬಾಲದ ಬುಡದ ಎರಡೂ ಪಕ್ಕ ಮೊಟ್ಟೆಯಾಕಾರದ ಬಿಳಿ ಮಚ್ಚೆ. ಅದು ರಫ್‌ನ ಗುರುತು. ಆದರೆ ಒಂದೇ ಒಂದು ಹಕ್ಕಿ ಮಾತ್ರ 'ಟ್ಯೂ-ಹು-ಹು' ಅಂತ ಇಡೀ ಕೆರೆಗೆ ಕೇಳೋ ಹಾಗೆ ಕೂಗಿತು. ಅದರ ರೆಕ್ಕೆಯ ಹಿಂದಿನ ಅಂಚು ಪೂರ್ತಿ ಅಗಲವಾದ ಬಿಳಿ, ಬೆನ್ನಿನ ಮೇಲೂ ಬಿಳಿ. ಅದು ರೆಡ್‌ಶ್ಯಾಂಕ್! ಗುಂಪಿನೊಳಗೇ ಇತ್ತು, ನಾನು ನೋಡಿರಲಿಲ್ಲ.

ಆ ದಿನದ ಲೆಕ್ಕ: ರಫ್ 28, ರೆಡ್‌ಶ್ಯಾಂಕ್ 1.

ಈಗ ನಿನ್ನೆಯ ಫಾರ್ಮ್ ಏನು ಮಾಡೋದು? 'ರಫ್ 33, ರೆಡ್‌ಶ್ಯಾಂಕ್ 1' ಅಂತ ತಿದ್ದಿಬಿಡೋಣ ಅನ್ನಿಸ್ತು. ಬಹುಶಃ ನಿಜವೂ ಅದೇ ಇರಬಹುದು. ಆದರೆ ನಾನು ನಿನ್ನೆ ನೋಡಿದ್ದು ಕಾಲು ಮಾತ್ರ. ಇವತ್ತು ಕಂಡದ್ದನ್ನು ನಿನ್ನೆಯ ತಾರೀಖಿಗೆ ಬರೆದರೆ ಅದು ಇನ್ನೊಂದು ತಪ್ಪು. ಕೊನೆಗೆ 'ಜಾತಿ ಗುರುತಿಸಲಾಗದ ಗೊರವ 34' ಅಂತ ತಿದ್ದಿ ಕಳಿಸಿದೆ. ಬರೆಯೋವಾಗ ನಾಚಿಕೆ ಆಯ್ತು, ಸುಳ್ಳಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಕೆರೆ ಹೂಳೆತ್ತೋವಾಗ ಎಷ್ಟೋ ಸಲ ದಡವನ್ನು ಗೋಡೆಯ ಹಾಗೆ ಕಡಿದಾಗಿ ಕತ್ತರಿಸ್ತಾರೆ. ನೀರು ಜಾಸ್ತಿ ನಿಲ್ಲುತ್ತೆ, ನಿಜ. ಆದರೆ ಇಳಿಜಾರು ಹೋದರೆ ಪ್ಲೋವರ್ ಓಡೋ ಒಣ ಕೆಸರು, ಉಲ್ಲಂಕಿ ಚುಚ್ಚೋ ಹಸಿ ಕೆಸರು, ರಫ್ ಹೆಕ್ಕೋ ಹುಲ್ಲಿನಂಚು, ಮೆಟ್ಟುಗಾಲು ಹಕ್ಕಿ ನಿಲ್ಲೋ ಗೇಣುದ್ದ ನೀರು, ಎಲ್ಲ ಒಟ್ಟಿಗೇ ಹೋಗುತ್ತೆ. ಬಾತುಗಳು ಬರ್ತಾನೇ ಇರುತ್ತವೆ, ಹಾಗಾಗಿ ಕೆರೆ ಚೆನ್ನಾಗಿದೆ ಅಂತಲೇ ಎಲ್ಲರಿಗೂ ಅನ್ನಿಸುತ್ತೆ. ದಡದಲ್ಲಿ ಏನಿತ್ತು ಅನ್ನೋದಕ್ಕೆ ಉಳಿಯೋ ಸಾಕ್ಷಿ ನಾವು ತುಂಬಿದ ಆ ಫಾರ್ಮ್ ಮಾತ್ರ. ಅದರಲ್ಲೇ ಹುಲ್ಲಂಚಿನ ಹಕ್ಕಿಯನ್ನು ನೀರಂಚಿನ ಹಕ್ಕಿ ಅಂತ ಬರೆದರೆ, ಏನು ಕಳ್ಕೊಂಡ್ವಿ ಅನ್ನೋದು ಯಾರಿಗೂ ತಿಳಿಯಲ್ಲ.

ಈಗ ನನ್ನ ನೋಟ್‌ಬುಕ್‌ನಲ್ಲಿ ಹಕ್ಕಿಯ ಹೆಸರಿಗೆ ಮುಂಚೆ ಮೂರು ಕಾಲಂ ಹಾಕಿದ್ದೀನಿ. ಕೊಕ್ಕು ತಲೆಯ ಎಷ್ಟು ಪಾಲು, ಹೇಗೆ ಮೇಯ್ತಿತ್ತು, ಕಾಲಿನ ಬಣ್ಣ ಯಾವ ಬೆಳಕಿನಲ್ಲಿ ನೋಡಿದೆ. ಮೂರೂ ತುಂಬಿದ ಮೇಲೆ ಹೆಸರು ಬರೀತೀನಿ. ಮೂರರಲ್ಲಿ ಒಂದು ಖಾಲಿ ಇದ್ದರೆ ಹೆಸರಿನ ಜಾಗವೂ ಎಷ್ಟೋ ಸಲ ಖಾಲಿ ಉಳಿಯುತ್ತೆ. ಮೇಷ್ಟ್ರು ಅದನ್ನು ನೋಡಿ ಏನೂ ಅನ್ನಲಿಲ್ಲ. ಪೆನ್ನು ಇಸ್ಕೊಂಡು ಪಕ್ಕದಲ್ಲಿ ನಾಲ್ಕನೇ ಕಾಲಂ ಎಳೆದು 'ಕೂಗು' ಅಂತ ಬರೆದು ವಾಪಸ್ ಕೊಟ್ಟರು.