ರಜೆ ಪ್ರಯಾಣ ಭತ್ಯೆ: ವಿನಾಯಿತಿಯ ಲೆಕ್ಕ ಮತ್ತು ಬ್ಲಾಕ್ ವರ್ಷದ ಅರ್ಥ



ಸಂಬಳದೊಡನೆ ಬರುವ ರಜೆ ಪ್ರಯಾಣ ಭತ್ಯೆಗೆ ತೆರಿಗೆ ಇಲ್ಲವೆಂಬ ನಂಬಿಕೆ ನೌಕರರಲ್ಲಿ ವ್ಯಾಪಕವಾಗಿದೆ. ಇದು ಪೂರ್ತಿ ನಿಜವಲ್ಲ. ಭತ್ಯೆ ಕೈಸೇರಿದ ಮಾತ್ರಕ್ಕೆ ವಿನಾಯಿತಿ ದೊರೆಯುವುದಿಲ್ಲ. ನೌಕರನು ರಜೆ ಪಡೆದು ಭಾರತದೊಳಗೆ ಪ್ರಯಾಣ ಮಾಡಿರಬೇಕು ಮತ್ತು ಅದಕ್ಕೆ ನಿಜವಾಗಿ ಹಣ ವೆಚ್ಚವಾಗಿರಬೇಕು. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಈ ಸೌಲಭ್ಯವುಂಟು. 2023-24ನೆಯ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯು ತಾನಾಗಿಯೇ ಅನ್ವಯಿಸುವುದರಿಂದ, ಹಳೆಯದು ಬೇಕೆನ್ನುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕಾಗುತ್ತದೆ.

ಒಂದು ಉದಾಹರಣೆಯಿಂದ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಪುಣೆಯ ಖಾಸಗಿ ಸಂಸ್ಥೆಯೊಂದರಲ್ಲಿ ದುಡಿಯುವ ಕನ್ನಡಿಗರೊಬ್ಬರಿಗೆ ವರ್ಷಕ್ಕೆ 45,000 ರೂಪಾಯಿ ರಜೆ ಪ್ರಯಾಣ ಭತ್ಯೆ ಬರುತ್ತದೆ ಎಂದು ಭಾವಿಸೋಣ. ಅವರು ಪತ್ನಿ, ಮಗಳು ಹಾಗೂ ತಮ್ಮನ್ನೇ ಅವಲಂಬಿಸಿರುವ ತಾಯಿಯೊಡನೆ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತಾರೆ. ತಲೆಗೆ ಒಂದು ಕಡೆಗೆ 2,200 ರೂಪಾಯಿಯಂತೆ ನಾಲ್ವರ ಹೋಗಿಬರುವ ಟಿಕೆಟ್‌ಗೆ 17,600 ರೂಪಾಯಿ ಆಗುತ್ತದೆ. ವಸತಿಗೃಹಕ್ಕೆ 14,000 ಮತ್ತು ಊರೊಳಗಿನ ಟ್ಯಾಕ್ಸಿಗೆ 9,000 ರೂಪಾಯಿ ಸೇರಿದರೆ ಒಟ್ಟು ಖರ್ಚು 40,600 ರೂಪಾಯಿ. ಆದರೆ ವಿನಾಯಿತಿ ಸಿಗುವುದು ಪ್ರಯಾಣ ದರವಾದ 17,600 ರೂಪಾಯಿಗೆ ಮಾತ್ರ. ಊಟ, ವಸತಿ, ಸ್ಥಳೀಯ ಓಡಾಟ ಯಾವುದೂ ಇದರಲ್ಲಿ ಸೇರುವುದಿಲ್ಲ. ಉಳಿದ 27,400 ರೂಪಾಯಿ ಭತ್ಯೆ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ. ಭತ್ಯೆಯೇ 15,000 ರೂಪಾಯಿ ಇದ್ದಿದ್ದರೆ, ವಿನಾಯಿತಿಯೂ ಅಷ್ಟಕ್ಕೇ ನಿಲ್ಲುತ್ತಿತ್ತು.

ಅವರೊಡನೆ ಪತ್ನಿಯ ತಮ್ಮನೂ ಬಂದಿದ್ದರೆ ಆತನ ಟಿಕೆಟ್ ಲೆಕ್ಕಕ್ಕೆ ಬಾರದು. ಕುಟುಂಬವೆಂದರೆ ಪತಿ ಅಥವಾ ಪತ್ನಿ, ಮಕ್ಕಳು, ಮತ್ತು ನೌಕರನನ್ನೇ ಪೂರ್ಣವಾಗಿ ಇಲ್ಲವೆ ಮುಖ್ಯವಾಗಿ ಅವಲಂಬಿಸಿರುವ ಆತನ ತಂದೆ, ತಾಯಿ, ಸೋದರ, ಸೋದರಿಯರು. ಅತ್ತೆ ಮಾವಂದಿರು ಇದರಲ್ಲಿ ಸೇರುವುದಿಲ್ಲ.

ಇನ್ನು ಬ್ಲಾಕ್ ವರ್ಷದ ವಿಚಾರ. ನಾಲ್ಕು ವರ್ಷಗಳ ಒಂದು ಬ್ಲಾಕ್‌ನಲ್ಲಿ ಎರಡು ಪ್ರಯಾಣಗಳಿಗೆ ವಿನಾಯಿತಿ ಉಂಟು. ಈ ವರ್ಷಗಳು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷಗಳಲ್ಲ. ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ವರ್ಷಗಳು. ನೌಕರನು ಕೆಲಸಕ್ಕೆ ಸೇರಿದ ದಿನದಿಂದ ಇವು ಆರಂಭವಾಗುವುದೂ ಇಲ್ಲ. ಎಲ್ಲರಿಗೂ ಒಂದೇ ಲೆಕ್ಕ: 2018ರಿಂದ 2021, 2022ರಿಂದ 2025, 2026ರಿಂದ 2029.

ಹೆಚ್ಚಿನವರು ಎಡವುವುದು ಇಲ್ಲಿಯೇ. ಪುಣೆಯ ಆ ನೌಕರರು 2023ರಲ್ಲಿ ಒಂದು ಪ್ರಯಾಣಕ್ಕೆ ವಿನಾಯಿತಿ ಪಡೆದು, ಮುಂದಿನ ಎರಡು ವರ್ಷ ಎಲ್ಲಿಗೂ ಹೋಗಿಲ್ಲವೆಂದು ಭಾವಿಸೋಣ. ಅವರ ಮೈಸೂರು ಪ್ರಯಾಣ 2026ರ ಫೆಬ್ರವರಿಯದಾದರೆ, ಆರ್ಥಿಕ ವರ್ಷ 2025-26 ಆಗಿದ್ದರೂ ಹಳೆಯ ಬ್ಲಾಕ್ ಡಿಸೆಂಬರ್ 31ಕ್ಕೇ ಮುಗಿದಿರುತ್ತದೆ. ಆದರೂ ಅವರ ಹಕ್ಕು ಹೋಗುವುದಿಲ್ಲ. ಹಿಂದಿನ ಬ್ಲಾಕ್‌ನಲ್ಲಿ ಬಳಸದೆ ಉಳಿದ ಒಂದು ಪ್ರಯಾಣವನ್ನು ಮುಂದಿನ ಬ್ಲಾಕ್‌ನ ಮೊದಲ ಕ್ಯಾಲೆಂಡರ್ ವರ್ಷದಲ್ಲಿ, ಅಂದರೆ 2026ರ ಡಿಸೆಂಬರ್ 31ರೊಳಗೆ, ಬಳಸಿಕೊಳ್ಳಬಹುದು. ಅದು ಹೊಸ ಬ್ಲಾಕ್‌ನ ಎರಡು ಪ್ರಯಾಣಗಳಿಂದ ಕಳೆಯುವುದಿಲ್ಲ. ಎರಡೂ ಪ್ರಯಾಣಗಳು ಉಳಿದಿದ್ದರೂ ಮುಂದಕ್ಕೆ ಬರುವುದು ಒಂದು ಮಾತ್ರ. 2027ರವರೆಗೆ ಕಾದರೆ ಅದೂ ಇಲ್ಲ.

ಪುರಾವೆಯ ಬಗೆಗೂ ಎಚ್ಚರ ಅಗತ್ಯ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಭತ್ಯೆಯ ಖರ್ಚಿಗೆ ನೌಕರನಿಂದ ಪುರಾವೆ ಸಂಗ್ರಹಿಸುವ ಬಾಧ್ಯತೆ ಮಾಲೀಕನಿಗಿಲ್ಲವೆಂದು ತೀರ್ಪಿತ್ತಿತ್ತು. ಬಳಿಕ ಕಾಯಿದೆಯೇ ಬದಲಾಯಿತು. 2015ರ ಜೂನ್ 1ರಿಂದ ಮಾಲೀಕನು ತೆರಿಗೆ ಮುರಿಯುವ ಮುನ್ನ ನಿಗದಿತ ಪುರಾವೆ ಪಡೆಯಲೇಬೇಕು. ಆದ್ದರಿಂದ ಪ್ರಯಾಣಿಕರ ಹೆಸರುಗಳಿರುವ ರೈಲು ಟಿಕೆಟ್, ವಿಮಾನವಾದರೆ ಟಿಕೆಟ್‌ನೊಡನೆ ಬೋರ್ಡಿಂಗ್ ಪಾಸ್, ಹಣ ಪಾವತಿಯ ರಸೀದಿ ಮತ್ತು ರಜೆ ಮಂಜೂರಾದ ದಾಖಲೆ ಒಟ್ಟಿಗಿರಬೇಕು. ರಜೆಯ ದಿನಗಳೂ ಟಿಕೆಟ್‌ನ ದಿನಾಂಕಗಳೂ ಹೊಂದದಿದ್ದರೆ ಅನುಮಾನ ಹುಟ್ಟುತ್ತದೆ. ರದ್ದುಪಡಿಸಿ ಹಣ ಮರಳಿ ಪಡೆದ ಟಿಕೆಟ್ ಪುರಾವೆಯಾಗದು. ಪ್ರವಾಸ ಏರ್ಪಡಿಸುವವರು ಊಟ, ವಸತಿ, ಪ್ರಯಾಣಗಳಿಗೆ ಒಂದೇ ಮೊತ್ತದ ಬಿಲ್ ಕೊಟ್ಟರೆ, ಪ್ರಯಾಣ ದರವನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಇಲ್ಲವಾದರೆ ಎಷ್ಟಕ್ಕೆ ವಿನಾಯಿತಿ ಎಂಬುದೇ ನಿರ್ಧಾರವಾಗದು.

ರೈಲು ಸಂಪರ್ಕವಿರುವ ಊರಿಗೆ ಬಾಡಿಗೆ ಕಾರಿನಲ್ಲಿ ಹೋದರೂ ವಿನಾಯಿತಿಗೆ ಮಿತಿಯುಂಟು. ಅತಿ ಹತ್ತಿರದ ಮಾರ್ಗದ ಹವಾನಿಯಂತ್ರಿತ ಮೊದಲ ದರ್ಜೆಯ ರೈಲು ದರವನ್ನು ಅದು ಮೀರದು.

ಕಚೇರಿಗೆ ಕಾಗದಪತ್ರಗಳನ್ನು ಸಕಾಲದಲ್ಲಿ ಕೊಡಲಾಗದವರು ತಮ್ಮ ಆದಾಯ ವಿವರಣೆ ಸಲ್ಲಿಸುವಾಗ ವಿನಾಯಿತಿ ಕೋರಬಹುದು. ಇಲಾಖೆ ಮುಂದೆ ಕೇಳಿದಾಗ ತೋರಿಸಲು ಅವೇ ಟಿಕೆಟ್‌ಗಳು ಬೇಕಾಗುತ್ತವೆ. ಪ್ರಯಾಣ ಮುಗಿದರೂ ಅವುಗಳನ್ನು ಎಸೆಯಬಾರದು.