ಸೋದರತ್ತೆ ಕಳಿಸಿದ ಸುದ್ದಿ ಸುಳ್ಳಾದಾಗ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ನೀವು ನಮ್ಮ ಹತ್ತಿರ ಒಂದು ಮಾತು ಮತ್ತೆ ಮತ್ತೆ ಕೇಳಿದ್ದೀರಿ: “ಸಿಸ್ಟರ್, ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಿರಿಯರು ಸುಳ್ಳು ಸುದ್ದಿ ಕಳಿಸ್ತಾರೆ. ಹೇಳಿದ್ರೆ ಅವರಿಗೆ ಬೇಜಾರು, ಹೇಳದಿದ್ರೆ ಅದು ಊರೆಲ್ಲ ಹೋಗ್ತದೆ. ಏನು ಮಾಡೋದು?” ಇವತ್ತು ಅದನ್ನೇ ಮಾತಾಡುವ.

ಕಾರವಾರದ ಸಂಘದ ಒಬ್ಬ ತಂಗಿಯ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಅಂಕೋಲೆಯಲ್ಲಿರುವ ಅವಳ ಸೋದರತ್ತೆ ಒಂದು ರಾತ್ರಿ ಗ್ರೂಪಿಗೆ ವಿಡಿಯೋ ಹಾಕಿದರು. ಬೈಕಿನಲ್ಲಿ ಬಂದವರು ರಸ್ತೆಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ, “ಮಕ್ಕಳ ಕಳ್ಳರು ನಮ್ಮ ಕಡೆ ಬಂದಿದ್ದಾರೆ, ಎಲ್ಲರಿಗೂ ಕಳಿಸಿ” ಎಂದಿತ್ತು. ನಮ್ಮ ತಂಗಿ ಕೂಡಲೇ ಗ್ರೂಪಿನಲ್ಲೇ ಬರೆದಳು: “ಅತ್ತೆ, ಇದು ಸುಳ್ಳು. ನೋಡದೆ ಯಾಕೆ ಕಳಿಸ್ತೀರಿ?” ಅಳಿಯಂದಿರು, ಸೊಸೆಯಂದಿರು ಎಲ್ಲ ಇರುವ ಗ್ರೂಪು. ಯಾರೋ ನಗುವ ಚಿತ್ರ ಹಾಕಿದರು. ಅತ್ತೆ ಗ್ರೂಪು ಬಿಟ್ಟು ಹೋದರು. ಆದರೆ ವಿಡಿಯೋ ಅಲ್ಲೇ ಉಳಿಯಿತು, ಅತ್ತೆಯ ಬೇರೆ ಗ್ರೂಪುಗಳಲ್ಲೂ ಉಳಿಯಿತು. ತಂಗಿಯ ಮಾತು ಸತ್ಯವೇ, ಆದರೆ ಅದರಿಂದ ಕೆಲಸ ಆಗಲಿಲ್ಲ.

ಈ ವಿಡಿಯೋದ ಕತೆ ನಿಮಗೆ ತಿಳಿದಿರಬೇಕು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಒಂದು ಸಂಸ್ಥೆ ಮಾಡಿಸಿದ ಜಾಗೃತಿ ಚಿತ್ರ. ಅದರ ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದರು. 2018ರಲ್ಲಿ ಇಂಥ ಸುದ್ದಿ ನಮ್ಮ ರಾಜ್ಯದಲ್ಲೂ ಹರಡಿತು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟು ಕೊಟ್ಟರು. “ಮಕ್ಕಳ ಕಳ್ಳರು” ಎಂಬ ಮಾತು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಸತ್ತ. ಕಳಿಸಿದವರಲ್ಲಿ ಎಷ್ಟೋ ಜನ, ನಮ್ಮ ಸೋದರತ್ತೆಯ ಹಾಗೆ, ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರಬೇಕು.

ಮುಂದೆ ಏನಾಯಿತು? ಎರಡು ದಿನ ಬಿಟ್ಟು ನಮ್ಮ ತಂಗಿ ಅತ್ತೆಗೆ ಫೋನು ಮಾಡಿದಳು. ಮೊದಲು ಮೊಣಕಾಲು ನೋವು ವಿಚಾರಿಸಿದಳು. “ಅತ್ತೆ, ಗ್ರೂಪಿನಲ್ಲಿ ಹಾಗೆ ಬರೆದದ್ದು ನನ್ನ ತಪ್ಪು. ಮಕ್ಕಳ ಚಿಂತೆ ನನಗೂ ಉಂಟು. ಆ ವಿಡಿಯೋ ನಿಮಗೆ ಯಾರು ಕಳಿಸಿದ್ರು?” ಅತ್ತೆ ಹೇಳಿದರು, “ಪಕ್ಕದ ಮನೆಯವಳು.” “ಅವಳಿಗೆ?” “ಗೊತ್ತಿಲ್ಲ ಮಾರಾಯ್ತಿ.” ಅಲ್ಲಿಗೆ ಅತ್ತೆಗೇ ಅನುಮಾನ ಬಂತು. ಆಮೇಲೆ ತಂಗಿ ಕರಾಚಿಯ ಕತೆ ಹೇಳಿದಳು. ಬರೀ “ಸುಳ್ಳು” ಅಂದರೆ ತಲೆಯಲ್ಲಿ ಹಳೆಯ ಕತೆಯೇ ಉಳಿಯುತ್ತದೆ. ಅದರ ಜಾಗದಲ್ಲಿ ನಿಜವಾದ ಕತೆ ಕೊಡಬೇಕು.

ನಂತರ ಅತ್ತೆಯನ್ನು ಗ್ರೂಪಿಗೆ ಮತ್ತೆ ಸೇರಿಸಿದರು. ಅವರೇ ಬರೆದರು: “ನಾನು ಕಳಿಸಿದ ವಿಡಿಯೋ ನಮ್ಮ ಊರಿನದ್ದಲ್ಲ ಅಂತ ಈಗ ಗೊತ್ತಾಯ್ತು. ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅವರಿಗೂ ತಿಳಿಸಿ.” ಈ ಕೊನೆಯ ಸಾಲು ಬಹಳ ಮುಖ್ಯ. ಮೆಸೇಜು ಅಳಿಸಿದರೂ ಬೇರೆಯವರು ಮುಂದೆ ಕಳಿಸಿದ ಪ್ರತಿ ಅಳಿಯುವುದಿಲ್ಲ. ಸುಳ್ಳು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು. ಹಾಗೆ ಹೋಗುವಾಗ ಆ ವಿಡಿಯೋವನ್ನು ಮತ್ತೆ ಜೊತೆಗೆ ಹಚ್ಚಬೇಡಿ. “ಇದು ಸುಳ್ಳು” ಎಂಬ ನಿಮ್ಮ ಸಾಲು ಬಿಟ್ಟುಹೋಗಿ ವಿಡಿಯೋ ಮಾತ್ರ ಮುಂದೆ ಹೋಗುವುದನ್ನು ನಾವು ಕಂಡಿದ್ದೇವೆ.

ಒಂದು ಗುರುತು ಹೇಳುತ್ತೇವೆ. ಮೆಸೇಜಿನ ಮೇಲೆ ಎರಡು ಬಾಣ ಕಂಡರೆ ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದದ್ದು ಎಂದರ್ಥ. ಹಾಗೆಂದ ಮಾತ್ರಕ್ಕೆ ಸುಳ್ಳು ಎಂದಲ್ಲ. ಆದರೆ ಕಳಿಸಿದವರು ಅದನ್ನು ಕಣ್ಣಾರೆ ಕಂಡಿಲ್ಲ. “ಅತ್ತೆ, ಎರಡು ಬಾಣ ಉಂಟು ನೋಡಿ” ಅಂದರೆ ತಪ್ಪು ಅವರ ಮೇಲೆ ಬೀಳುವುದಿಲ್ಲ.

ಎಲ್ಲ ಸಲ ಫೋನಿಗೆ ಕಾಯಲು ಆಗುವುದಿಲ್ಲ, ಅದೂ ನಿಜ. ಯಾವುದೋ ವ್ಯಕ್ತಿಯ ಫೋಟೋ, ಗಾಡಿಯ ನಂಬರು ಹಾಕಿ “ಹಿಡಿಯಿರಿ” ಎಂದಿದ್ದರೆ ಬೀದರಿನಂತೆ ಆಗಲು ಒಂದು ಗಂಟೆ ಸಾಕು. ಆಗ ಗ್ರೂಪಿನಲ್ಲೇ ಬರೆಯಿರಿ, ಆದರೆ ಹಿರಿಯರ ಹೆಸರು ಎತ್ತದೆ: “ಈ ಮೆಸೇಜು ನನಗೂ ಹೆದರಿಕೆ ತಂತು. ಪೊಲೀಸರನ್ನು ಕೇಳುವವರೆಗೆ ಯಾರೂ ಮುಂದೆ ಕಳಿಸುವುದು ಬೇಡ.” ಬರೆದ ಮೇಲೆ 112ಕ್ಕೆ ನಿಜವಾಗಿಯೂ ಫೋನು ಮಾಡಬೇಕು, ಮಗುವಿಗೆ ತೊಂದರೆ ಅನಿಸಿದರೆ 1098 ಇದೆ. ಅಷ್ಟು ಮಾಡಿ, ಅತ್ತೆಗೋ ಮಾವನಿಗೋ ಬೇರೆಯಾಗಿ ಫೋನು ಮಾಡಿ.

ಕೆಲವರು ಎಷ್ಟು ಹೇಳಿದರೂ ಕೇಳುವುದಿಲ್ಲ. ಅಂಥವರ ಜೊತೆ ಗ್ರೂಪಿನಲ್ಲಿ ವಾದಕ್ಕೆ ಇಳಿಯಬೇಡಿ. ಮನೆಯಲ್ಲಿ ಅವರು ಯಾರ ಮಾತು ಕೇಳುತ್ತಾರೋ, ಅವರ ಕಡೆಯಿಂದ ಹೇಳಿಸಿ. ಆ ಸೋದರತ್ತೆ ಈಗಲೂ ಬಹಳ ಮೆಸೇಜು ಕಳಿಸ್ತಾರಂತೆ. ಆದರೆ ಹೆದರಿಕೆಯದ್ದು ಬಂದರೆ ಮೊದಲು ಸೊಸೆಗೆ ಒಬ್ಬಳಿಗೇ ಕಳಿಸಿ, “ಇದಕ್ಕೆ ಬಾಣ ಎಷ್ಟು ಉಂಟು ನೋಡೇ” ಅನ್ನುತ್ತಾರೆ.